ಹೊಸ ಆರೋಗ್ಯ ವಿಮೆ, ಹಳೆಯ ಕಾಯಿಲೆ: ಕಾಯುವ ಅವಧಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಹೊಸದಾಗಿ ಆರೋಗ್ಯ ವಿಮೆ ಮಾಡಿಸಿದವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಬಹುತೇಕ ಎಲ್ಲವೂ ಒಂದೇ ಗೊಂದಲದಿಂದ ಹುಟ್ಟಿದವು: ಪಾಲಿಸಿ ಶುರುವಾದ ಮೇಲೆ ಕೆಲವು ಕಾಯಿಲೆಗಳಿಗೆ ಕ್ಲೇಮ್ ಸಿಗದೆ ಕಾಯಬೇಕಾದ ಅವಧಿ, ಅಂದರೆ ವೇಟಿಂಗ್ ಪೀರಿಯಡ್. "ನನಗೆ ವೇಟಿಂಗ್ ಪೀರಿಯಡ್ ಅನ್ವಯಿಸುತ್ತದೆಯೇ?" ಎಂದು ಕಸ್ಟಮರ್ ಕೇರ್‌ಗೆ ಕೇಳಿದಾಗ ಒಬ್ಬರು ಹೌದು ಎನ್ನುತ್ತಾರೆ, ಇನ್ನೊಬ್ಬರು ಇಲ್ಲ ಎನ್ನುತ್ತಾರೆ. ಆಸ್ಪತ್ರೆಗೆ ಸೇರಿದ ದಿನ ಮೂರನೆಯ ಉತ್ತರ ಬರುತ್ತದೆ.

## ಮೊದಲು ತಿಳಿಯಬೇಕಾದದ್ದು

ನನಗೆ ಶುಗರ್ ಇದೆ, ಹೋದ ತಿಂಗಳು ಪಾಲಿಸಿ ತಗೊಂಡೆ. ಮೂರು ವರ್ಷ ಏನೂ ಸಿಗಲ್ಲ ಅಂತಾರೆ, ನಿಜಾನಾ?

ಅರ್ಧ ನಿಜ. ಮೊದಲೇ ಇದ್ದ ಕಾಯಿಲೆಗೆ, ಅಂದರೆ ವಿಮೆಯ ಕಾಗದಗಳಲ್ಲಿ ಪಿಇಡಿ ಎಂದು ಬರೆಯುವುದಕ್ಕೆ, ಕಂಪನಿ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. ಇದು ವಿಮಾ ನಿಯಂತ್ರಣ ಪ್ರಾಧಿಕಾರ ಹಾಕಿರುವ ಮೇಲ್ಮಿತಿ. ಕೆಲವು ಪಾಲಿಸಿಗಳಲ್ಲಿ ಇದು 24 ಅಥವಾ 12 ತಿಂಗಳು ಇರುತ್ತದೆ. ನಿಮ್ಮದು ಎಷ್ಟು ಎಂಬುದು ಪಾಲಿಸಿ ಶೆಡ್ಯೂಲ್‌ನಲ್ಲಿ ಮತ್ತು ಅದರ ಜೊತೆ ಬರುವ ಗ್ರಾಹಕ ಮಾಹಿತಿ ಪತ್ರದಲ್ಲಿ ಇರುತ್ತದೆ.

"ಏನೂ ಸಿಗಲ್ಲ" ಎನ್ನುವುದು ಮಾತ್ರ ತಪ್ಪು. ತಡೆ ಇರುವುದು ಆ ಕಾಯಿಲೆಗೆ ಮತ್ತು ಅದರ ನೇರ ತೊಡಕುಗಳಿಗೆ ಅಷ್ಟೇ. ಶುಗರ್ ಇರುವವರಿಗೆ ಡೆಂಗಿ ಬಂದರೆ, ಅಪೆಂಡಿಕ್ಸ್ ಆಪರೇಷನ್ ಆದರೆ, ಸಿಲ್ಕ್ ಬೋರ್ಡ್ ಹತ್ತಿರ ಗಾಡಿಯಿಂದ ಬಿದ್ದು ಕಾಲು ಮುರಿದರೆ, ಶುಗರ್ ಇದೆ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ. ಈ ಭೇದ ಗೊತ್ತಿಲ್ಲದೆ, ಸಿಗಬೇಕಾದ ಕ್ಲೇಮ್ ಹಾಕದೇ ಕೈಯಿಂದ ದುಡ್ಡು ಕಟ್ಟಿ ಬರುವವರು ಬಹಳ ಮಂದಿ.

30 ದಿನ ಅಂತಾರೆ, ಎರಡು ವರ್ಷ ಅಂತಾರೆ, ಮೂರು ವರ್ಷ ಅಂತಾರೆ. ಯಾವುದು ಸರಿ?

ಮೂರೂ ಸರಿ. ಒಂದೇ ಪಾಲಿಸಿಯಲ್ಲಿ ಮೂರು ಬೇರೆ ಬೇರೆ ಅವಧಿಗಳು ಒಂದೇ ದಿನ ಶುರುವಾಗುತ್ತವೆ.

ಮೊದಲ 30 ದಿನ ಎಲ್ಲ ಕಾಯಿಲೆಗಳಿಗೂ ತಡೆ, ಅಪಘಾತಕ್ಕೆ ಮಾತ್ರ ಇಲ್ಲ. ಎರಡನೆಯದು ಹೆಸರಿಸಿದ ಕೆಲವು ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆಗಳಿಗೆ: ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಕಿಡ್ನಿ ಕಲ್ಲು, ಮಂಡಿ ಬದಲಾವಣೆ ಇತ್ಯಾದಿ. ಇದು ಸಾಮಾನ್ಯವಾಗಿ 24 ತಿಂಗಳು. ನಿಮಗೆ ಆ ಕಾಯಿಲೆ ಮೊದಲು ಇರದಿದ್ದರೂ ಇದು ಅನ್ವಯಿಸುತ್ತದೆ, ಜನ ಎಡವುವುದು ಇಲ್ಲೇ. "ನನಗೆ ಯಾವ ಕಾಯಿಲೆಯೂ ಇರಲಿಲ್ಲ, ಹರ್ನಿಯಾ ಈಗ ಬಂದದ್ದು" ಎಂದು ವಾದಿಸಿದರೆ ಪ್ರಯೋಜನವಿಲ್ಲ. ಮೂರನೆಯದು ಮೊದಲೇ ಇದ್ದ ಕಾಯಿಲೆಗೆ, 36 ತಿಂಗಳವರೆಗೆ. ಒಂದೇ ತೊಂದರೆ ಎರಡನೆಯ ಪಟ್ಟಿಯಲ್ಲೂ ಇದ್ದು ಮೊದಲೇ ಇದ್ದದ್ದೂ ಆಗಿದ್ದರೆ, ಎರಡರಲ್ಲಿ ಉದ್ದನೆಯ ಅವಧಿಯೇ ಲೆಕ್ಕ.

ಹತ್ತು ವರ್ಷದ ಹಿಂದೆ ಆಗಿದ್ದೂ "ಮೊದಲೇ ಇದ್ದ ಕಾಯಿಲೆ" ಆಗುತ್ತಾ?

ಪಾಲಿಸಿ ಶುರುವಾದ ದಿನದಿಂದ ಹಿಂದಕ್ಕೆ 36 ತಿಂಗಳು ಎಣಿಸಿ. ಆ ಅವಧಿಯೊಳಗೆ ವೈದ್ಯರು ಆ ಕಾಯಿಲೆಯನ್ನು ಪತ್ತೆ ಮಾಡಿದ್ದರೆ, ಅಥವಾ ಅದಕ್ಕೆ ಸಲಹೆ ಇಲ್ಲವೇ ಚಿಕಿತ್ಸೆ ಕೊಟ್ಟಿದ್ದರೆ, ಅದು ಮೊದಲೇ ಇದ್ದ ಕಾಯಿಲೆ. 2012ರಲ್ಲಿ ಬಿಪಿ ಪತ್ತೆಯಾಗಿ ಇವತ್ತಿಗೂ ದಿನಾ ಮಾತ್ರೆ ನುಂಗುತ್ತಿದ್ದರೆ ಅದು ಸೇರುತ್ತದೆ, ಏಕೆಂದರೆ ಚಿಕಿತ್ಸೆ ಈಗಲೂ ನಡೆಯುತ್ತಿದೆ. 2014ರಲ್ಲಿ ಕಿಡ್ನಿ ಕಲ್ಲು ತೆಗೆಸಿ, ಆಮೇಲೆ ವೈದ್ಯರ ಬಳಿ ಹೋಗಿಯೇ ಇಲ್ಲವೆಂದರೆ ವ್ಯಾಖ್ಯೆಯ ಪ್ರಕಾರ ಸೇರುವುದಿಲ್ಲ.

ಆದರೆ ಪಾಲಿಸಿ ಕೊಳ್ಳುವಾಗ ತುಂಬುವ ಪ್ರಪೋಸಲ್ ಫಾರ್ಮ್‌ನಲ್ಲಿ "ಎಂದಾದರೂ ಶಸ್ತ್ರಚಿಕಿತ್ಸೆ ಆಗಿದೆಯೇ?" ಎಂದು ಕೇಳಿದ್ದರೆ, 2014ರದ್ದನ್ನೂ ಬರೆಯಲೇಬೇಕು. ಕಾಯುವ ಅವಧಿಯ ಲೆಕ್ಕ ಬೇರೆ, ಕೇಳಿದ್ದಕ್ಕೆ ನಿಜ ಹೇಳುವ ಹೊಣೆ ಬೇರೆ. ಮೊದಲನೆಯದು ಇಲ್ಲವೆಂದು ಎರಡನೆಯದನ್ನು ಬಿಡುವಂತಿಲ್ಲ.

ನಮ್ಮ ಹಳೇ ಪಾಲಿಸಿ ಪುಸ್ತಕದಲ್ಲಿ 48 ತಿಂಗಳು ಅಂತ ಇದೆಯಲ್ಲ?

ಅದು ಹಿಂದಿನ ಮಿತಿ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ 48 ಇದ್ದದ್ದು 36ಕ್ಕೆ ಇಳಿಯಿತು. ಇತ್ತೀಚಿನ ನವೀಕರಣದ ಜೊತೆ ಬಂದ ನಿಬಂಧನೆಗಳನ್ನು ನೋಡಿ. ಅದರಲ್ಲೂ 48 ಎಂದೇ ಇದ್ದರೆ ಕಂಪನಿಗೆ ಬರೆದು ವಿವರಣೆ ಕೇಳಿ.

## ಕಸ್ಟಮರ್ ಕೇರ್ ಕೊಡುವ ಉತ್ತರ

ಫೋನ್ ಮಾಡಿದಾಗ "ನಿಮಗೆ ವೇಟಿಂಗ್ ಇಲ್ಲ ಸಾರ್" ಅಂದ್ರು. ಖುಷಿಯಾಯ್ತು. ನಂಬಬಹುದಾ?

ಆ ಉತ್ತರ ಎಲ್ಲಿಂದ ಬಂತು ಎಂದು ಮೊದಲು ತಿಳಿಯಿರಿ. ಫೋನ್ ಎತ್ತಿದವರ ಎದುರಿನ ಪರದೆಯಲ್ಲಿ ನಿಮ್ಮ ಪಾಲಿಸಿಯ ವಿವರ ಇರುತ್ತದೆ, ನಿಮ್ಮ ಆರೋಗ್ಯದ ವಿವರ ಇರುವುದಿಲ್ಲ. "ಮೊದಲೇ ಇದ್ದ ಕಾಯಿಲೆ" ಎಂಬ ಜಾಗದಲ್ಲಿ "ಇಲ್ಲ" ಎಂದು ದಾಖಲಾಗಿದ್ದರೆ, ಅವರು ಅದನ್ನು ಓದಿ "ವೇಟಿಂಗ್ ಇಲ್ಲ" ಎಂದುಬಿಡುತ್ತಾರೆ. ಅವರ ಮಟ್ಟಿಗೆ ಅದು ಸುಳ್ಳಲ್ಲ.

ನಿಮಗೆ ನಿಜಕ್ಕೂ ಶುಗರ್ ಇದ್ದು ಪರದೆಯಲ್ಲಿ "ಇಲ್ಲ" ಎಂದಿದ್ದರೆ, ಆ ಮಾತಿನ ಅರ್ಥ ಬೇರೆಯೇ: ನಿಮ್ಮ ಕಾಯಿಲೆ ಕಂಪನಿಯ ದಾಖಲೆಗೆ ಸೇರಿಯೇ ಇಲ್ಲ. ನಾಳೆ ಕ್ಲೇಮ್ ಬಂದಾಗ ಇದು ಕಾಯುವ ಅವಧಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಮುಚ್ಚಿಟ್ಟ ಆರೋಪವಾಗುತ್ತದೆ. ಕಾಯುವ ಅವಧಿಯ ಕಾರಣಕ್ಕೆ ಹೋಗುವುದು ಒಂದು ಕ್ಲೇಮ್. ಮುಚ್ಚಿಟ್ಟರೆಂದು ಸಾಬೀತಾದರೆ ಪಾಲಿಸಿಯೇ ಹೋಗಬಹುದು. ಹಾಗಾಗಿ ಕಾಯಿಲೆ ಇರುವ ಹೊಸ ಪಾಲಿಸಿದಾರರಿಗೆ "ವೇಟಿಂಗ್ ಇಲ್ಲ" ಎಂಬ ಸಲೀಸಾದ ಉತ್ತರ ಬಂದರೆ, ಸಮಾಧಾನಪಡದೆ ಪಾಲಿಸಿಯ ಜೊತೆ ಲಗತ್ತಿಸಿದ ಪ್ರಪೋಸಲ್ ಫಾರ್ಮ್ ಪ್ರತಿಯನ್ನು ಅವತ್ತೇ ತೆಗೆದು ನೋಡಿ. ಅಲ್ಲಿ ನಿಮ್ಮ ಕಾಯಿಲೆಯ ಹೆಸರು ಇರಬೇಕು.

"ಇಲ್ಲ" ಎಂಬುದು ನಿಜವಾಗಿಯೂ ಸರಿಯಿರುವ ಸಂದರ್ಭಗಳೂ ಇವೆ: ಹೆಚ್ಚು ಪ್ರೀಮಿಯಂ ಕೊಟ್ಟು ಕಾಯುವ ಅವಧಿಯನ್ನು ಕಡಿಮೆ ಮಾಡಿಸುವ ರೈಡರ್ ತೆಗೆದುಕೊಂಡಿದ್ದರೆ, ಅಥವಾ ಕಳೆದ ಅವಧಿಯ ಲೆಕ್ಕದ ಸಮೇತ ಬೇರೆ ಕಂಪನಿಯಿಂದ ವರ್ಗಾವಣೆಯಾಗಿ, ಅಂದರೆ ಪೋರ್ಟ್ ಆಗಿ, ಬಂದು ಅವಧಿ ಆಗಲೇ ಮುಗಿದಿದ್ದರೆ. ಎರಡರಲ್ಲಿ ಯಾವುದಿದ್ದರೂ ಅದು ಶೆಡ್ಯೂಲ್‌ನಲ್ಲಿ ಅಚ್ಚಾಗಿರುತ್ತದೆ.

ಹಾಗಾದ್ರೆ ಮೇಲ್‌ನಲ್ಲಿ ಏನಂತ ಕೇಳಬೇಕು? ಅವರು ಸುಮ್ಮನೆ ನಿಬಂಧನೆ ಓದಿ ಅಂತಾರೆ.

"ನನಗೆ ವೇಟಿಂಗ್ ಇದೆಯಾ?" ಎಂದು ಕೇಳಿದರೆ "ಪಾಲಿಸಿಯ ನಿಬಂಧನೆಗಳಿಗೆ ಒಳಪಟ್ಟು" ಎಂಬ ಸಾಲೇ ವಾಪಸ್ ಬರುತ್ತದೆ. ಕಾಯಿಲೆಯ ಹೆಸರು ಕೊಟ್ಟು ದಿನಾಂಕ ಕೇಳಿದರೆ ಹಾಗೆ ಜಾರಿಕೊಳ್ಳುವುದು ಕಷ್ಟ. ಕಂಪನಿಯಲ್ಲಿ ನೋಂದಾಯಿಸಿರುವ ನಿಮ್ಮ ಇಮೇಲ್‌ನಿಂದಲೇ ಹೀಗೆ ಬರೆಯಿರಿ:

> ನನ್ನ ಪಾಲಿಸಿ ಸಂಖ್ಯೆ ____. ಪಾಲಿಸಿ ಶುರುವಾದ ದಿನಾಂಕ ____. ಪ್ರಪೋಸಲ್ ಫಾರ್ಮ್‌ನಲ್ಲಿ ನಾನು ಮಧುಮೇಹವನ್ನು (ಪತ್ತೆಯಾದದ್ದು ____) ತಿಳಿಸಿದ್ದೇನೆ. ದಯವಿಟ್ಟು ಲಿಖಿತವಾಗಿ ತಿಳಿಸಿ:
> 1. ಈ ಕಾಯಿಲೆ ನಿಮ್ಮ ದಾಖಲೆಯಲ್ಲಿ ನಮೂದಾಗಿದೆಯೇ?
> 2. ಇದಕ್ಕೆ ಅನ್ವಯಿಸುವ ಕಾಯುವ ಅವಧಿ ಎಷ್ಟು ತಿಂಗಳು, ಪಾಲಿಸಿಯ ಯಾವ ಷರತ್ತಿನ ಪ್ರಕಾರ?
> 3. ಯಾವ ದಿನಾಂಕದಿಂದ ಇದಕ್ಕೆ ಕವರ್ ಸಿಗುತ್ತದೆ?
> 4. ಆ ದಿನಾಂಕ ಪೂರ್ತಿ ವಿಮಾ ಮೊತ್ತಕ್ಕೆ ಅನ್ವಯಿಸುತ್ತದೆಯೇ, ಅಥವಾ ಒಂದು ಭಾಗಕ್ಕೆ ಮಾತ್ರವೇ?

ಒಳ್ಳೆಯ ಉತ್ತರ ಹೇಗಿರುತ್ತದೆ ಎಂದರೆ: "ನೀವು ತಿಳಿಸಿರುವ ಮಧುಮೇಹ ನಮ್ಮ ದಾಖಲೆಯಲ್ಲಿದೆ. ಹೊಸ ಪಾಲಿಸಿಯಾದ ಕಾರಣ 36 ತಿಂಗಳ ಕಾಯುವ ಅವಧಿ ಅನ್ವಯಿಸುತ್ತದೆ. ಪಾಲಿಸಿ ನಿರಂತರವಾಗಿ ನವೀಕರಣವಾದರೆ 10 ಜುಲೈ 2028ರಿಂದ 5 ಲಕ್ಷದ ಪೂರ್ತಿ ಮೊತ್ತಕ್ಕೆ ಕವರ್ ಇರುತ್ತದೆ." ಕಾಯಿಲೆ, ತಿಂಗಳು, ದಿನಾಂಕ, ಮೊತ್ತ, ಈ ನಾಲ್ಕರಲ್ಲಿ ಯಾವುದು ತಪ್ಪಿದರೂ ಮತ್ತೆ ಕೇಳಿ. ಉತ್ತರದ ಜೊತೆ ಬರುವ ದೂರು ಸಂಖ್ಯೆಯನ್ನು ಪಾಲಿಸಿಯ ಮೇಲೇ ಬರೆದಿಟ್ಟುಕೊಳ್ಳಿ. ಮೇಲ್‌ಗೂ ಪಾಲಿಸಿ ಪತ್ರಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಕಂಪನಿ ಪಾಲಿಸಿ ಪತ್ರವನ್ನೇ ಹಿಡಿಯುತ್ತದೆ. ಆದ್ದರಿಂದ ಪತ್ರವನ್ನೇ ತಿದ್ದಿಕೊಡಲು, ಅಂದರೆ ಎಂಡಾರ್ಸ್‌ಮೆಂಟ್ ಕೊಡಲು, ಕೇಳಿ.

ಏಜೆಂಟ್ ಫಾರ್ಮ್ ತುಂಬಿದ್ರು. ಶುಗರ್ ಬರೆದೇ ಇಲ್ಲ. ಈಗ ಹೇಳಿದ್ರೆ ಪಾಲಿಸಿ ಕ್ಯಾನ್ಸಲ್ ಮಾಡ್ತಾರಾ?

ಮಾಡಬಹುದು. ಆದರೂ ಈಗಲೇ ಹೇಳಿ. ಯಾರು ತುಂಬಿದರೂ ಸಹಿ ಅಥವಾ ಓಟಿಪಿ ನಿಮ್ಮದು. ಆ ಫಾರ್ಮ್ ನಿಮ್ಮ ಹೇಳಿಕೆ ಎಂದೇ ಕಂಪನಿ ನೋಡುತ್ತದೆ. "ಏಜೆಂಟ್ ಬೇಡ ಅಂದ್ರು" ಎಂಬ ಮಾತಿಗೆ ಸಾಕ್ಷಿ ಸಿಗುವುದು ಅಪರೂಪ.

ಪಾಲಿಸಿ ಪತ್ರ ಕೈಸೇರಿ 30 ದಿನ ಆಗಿಲ್ಲವೆಂದರೆ ನಿಮಗೆ ಒಳ್ಳೆಯ ದಾರಿಯಿದೆ. ಅದು ಫ್ರೀ ಲುಕ್ ಅವಧಿ. ಕಾಯಿಲೆಯ ವಿವರ, ಇತ್ತೀಚಿನ ಎಚ್‌ಬಿಎ1ಸಿ ವರದಿ, ವೈದ್ಯರ ಚೀಟಿ ಸೇರಿಸಿ ತಿದ್ದುಪಡಿ ಕೇಳಿ. ಕಂಪನಿ ಪ್ರೀಮಿಯಂ ಏರಿಸಬಹುದು, ಕಾಯುವ ಅವಧಿ ಹಾಕಬಹುದು, ಅಥವಾ ಬೇಡವೆನ್ನಬಹುದು. ಅವರ ಷರತ್ತು ಒಪ್ಪಿಗೆಯಾಗದಿದ್ದರೆ ನೀವೇ ಪಾಲಿಸಿ ವಾಪಸ್ ಮಾಡಿ. ಕವರ್ ಇದ್ದ ದಿನಗಳ ಪಾಲು, ವೈದ್ಯಕೀಯ ತಪಾಸಣೆ ಹಾಗೂ ಸ್ಟ್ಯಾಂಪ್ ಖರ್ಚು ಕಳೆದು ಉಳಿದದ್ದು ಸಿಗುತ್ತದೆ. 30 ದಿನ ದಾಟಿದ್ದರೂ ತಿದ್ದುಪಡಿ ಕೇಳಬಹುದು, ಆದರೆ ಆಗ ತೀರ್ಮಾನ ಪೂರ್ತಿ ಅವರ ಕೈಯಲ್ಲಿ. ಐಸಿಯು ಹೊರಗೆ ನಿಂತು ಇದು ಬಯಲಾಗುವುದಕ್ಕಿಂತ ಇವತ್ತೇ ಗೊತ್ತಾಗಲಿ.

ಆಫೀಸ್ ಹೆಲ್ತ್ ಚೆಕಪ್‌ನಲ್ಲಿ ಶುಗರ್ ಸ್ವಲ್ಪ ಜಾಸ್ತಿ ಬಂದಿತ್ತು, ಡಾಕ್ಟರ್ ಹತ್ರ ಹೋಗಲಿಲ್ಲ. ಅದನ್ನೂ ಹೇಳಬೇಕಾ?

ಹೇಳಿ. ವ್ಯಾಖ್ಯೆಯಲ್ಲಿರುವುದು ವೈದ್ಯರ ಪತ್ತೆ, ಸಲಹೆ, ಚಿಕಿತ್ಸೆ. ಬರೀ ಲ್ಯಾಬ್ ವರದಿ ಅದಾಗುವುದಿಲ್ಲ ಎಂದು ವಾದಿಸಬಹುದು. ಆದರೆ ಚೆಕಪ್ ವರದಿಯ ಕೊನೆಯ ಪುಟದಲ್ಲಿ ವೈದ್ಯರು "ತಜ್ಞರನ್ನು ಕಾಣಿ" ಎಂದು ಒಂದು ಸಾಲು ಬರೆದು ಸಹಿ ಹಾಕಿರುತ್ತಾರೆ. ಅದು ವೈದ್ಯರ ಸಲಹೆಯೇ. ಕ್ಲೇಮ್ ತನಿಖೆ ಮಾಡುವವರು ಆ ಪುಟವನ್ನೇ ಹುಡುಕುತ್ತಾರೆ.

## ಲೆಕ್ಕ ಹಾಕಿ ನೋಡುವಾಗ

ಒಂದು ಉದಾಹರಣೆ ತಗೊಂಡು ಯಾವಾಗ ಸಿಗುತ್ತೆ, ಯಾವಾಗ ಸಿಗಲ್ಲ ಅಂತ ಹೇಳಿ.

ವಿಜಯನಗರದ 56 ವರ್ಷದ ಒಬ್ಬರನ್ನು ತೆಗೆದುಕೊಳ್ಳೋಣ. ಶುಗರ್ ಪತ್ತೆಯಾದದ್ದು 2023ರ ಫೆಬ್ರವರಿಯಲ್ಲಿ. 5 ಲಕ್ಷದ ಪಾಲಿಸಿ ಶುರುವಾದದ್ದು 10 ಜುಲೈ 2025ಕ್ಕೆ, ಫಾರ್ಮ್‌ನಲ್ಲಿ ಶುಗರ್ ಬರೆದಿದ್ದಾರೆ. ಅವರ ಪಾಲಿಸಿಯಲ್ಲಿ ಅವಧಿಗಳು 30 ದಿನ, 24 ತಿಂಗಳು, 36 ತಿಂಗಳು.

ಜುಲೈ 20ಕ್ಕೆ ಬೈಕಿನಿಂದ ಬಿದ್ದು ಕೈ ಮುರಿಯಿತು. ಕ್ಲೇಮ್ ಸಿಗುತ್ತದೆ, ಅಪಘಾತಕ್ಕೆ ಮೊದಲ ದಿನದಿಂದಲೇ ಕವರ್. ಆಗಸ್ಟ್ 1ಕ್ಕೆ ಡೆಂಗಿಯಾಗಿ ಆಸ್ಪತ್ರೆ ಸೇರಿದರೆ ಸಿಗುವುದಿಲ್ಲ, 30 ದಿನ ಮುಗಿಯುವುದು ಆಗಸ್ಟ್ 8ಕ್ಕೆ. ಅದೇ ಡೆಂಗಿ ಸೆಪ್ಟೆಂಬರ್‌ನಲ್ಲಿ ಬಂದರೆ ಸಿಗುತ್ತದೆ. ಆಸ್ಪತ್ರೆಯಲ್ಲಿದ್ದಾಗ ಶುಗರ್ ಹೆಚ್ಚಿ ಇನ್ಸುಲಿನ್ ಕೊಟ್ಟರೂ ಮುಖ್ಯ ಚಿಕಿತ್ಸೆ ಡೆಂಗಿಯದೇ. ಶುಗರ್‌ಗೆ ಸಂಬಂಧಿಸಿದ ಕೆಲವು ಸಾಲುಗಳನ್ನು ಬಿಲ್ಲಿನಿಂದ ಕಳೆದರೂ ಇಡೀ ಕ್ಲೇಮ್ ನಿರಾಕರಿಸಲು ಕಾರಣವಿಲ್ಲ.

2026ರ ಮಾರ್ಚ್‌ನಲ್ಲಿ ಪಾದದಲ್ಲಿ ಗಾಯವಾಗಿ, ಶುಗರ್‌ನಿಂದ ಮಾಯದೆ, ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಸಿಗುವುದಿಲ್ಲ, ಇದು ಮಧುಮೇಹದ ನೇರ ತೊಡಕು. 2026ರ ಡಿಸೆಂಬರ್‌ನಲ್ಲಿ ಕಣ್ಣಿನ ಪೊರೆ ತೆಗೆಸಬೇಕು ಎಂದರು. ಪೊರೆ 24 ತಿಂಗಳ ಪಟ್ಟಿಯಲ್ಲಿದೆ, 10 ಜುಲೈ 2027ರವರೆಗೆ ತಡೆದರೆ ಸಿಗುತ್ತದೆ. ಪಾಲಿಸಿ ಮಾಡಿಸುವ ಮೊದಲೇ ಕಣ್ಣಿನ ವೈದ್ಯರು ಪೊರೆ ಗುರುತಿಸಿದ್ದರೆ 2028ರ ಜುಲೈವರೆಗೆ ಕಾಯಬೇಕು.

ಕಷ್ಟದ್ದು ಇನ್ನೊಂದು. 2027ರ ಜನವರಿಯಲ್ಲಿ ಎದೆನೋವು ಬಂದು ಆಂಜಿಯೋಪ್ಲಾಸ್ಟಿ ಆಯಿತು. "ಶುಗರ್ ಇದ್ದದ್ದರಿಂದಲೇ ಹೃದಯದ ತೊಂದರೆ" ಎಂದು ಕಂಪನಿ ನಿರಾಕರಿಸಬಹುದು. ಇಲ್ಲಿ ವಾದಕ್ಕೆ ಜಾಗವಿದೆ. ಮಧುಮೇಹ ಹೃದ್ರೋಗದ ಅಪಾಯ ಹೆಚ್ಚಿಸುವ ಹಲವು ಅಂಶಗಳಲ್ಲಿ ಒಂದು. ವಯಸ್ಸು, ಕೊಲೆಸ್ಟ್ರಾಲ್, ಧೂಮಪಾನ, ವಂಶದ ಹಿನ್ನೆಲೆಯೂ ಅದೇ ಪಟ್ಟಿಯಲ್ಲಿವೆ. ಅಪಾಯ ಹೆಚ್ಚಿಸುವುದು ಮತ್ತು "ನೇರ ತೊಡಕು" ಆಗಿರುವುದು ಒಂದೇ ಅಲ್ಲ, ಷರತ್ತಿನಲ್ಲಿರುವುದು ನೇರ ತೊಡಕು ಎಂಬ ಮಾತು. ಹೃದ್ರೋಗ ತಜ್ಞರಿಂದ ಮೂರು ವಿಷಯ ಬರೆಸಿಕೊಳ್ಳಿ: ಹೃದಯದ ತೊಂದರೆ ಮೊದಲು ಪತ್ತೆಯಾದದ್ದು ಯಾವಾಗ, ಅದಕ್ಕೂ ಮುಂಚೆ ಹೃದಯಕ್ಕೆ ಚಿಕಿತ್ಸೆ ಇತ್ತೇ, ಇನ್ನಿತರ ಅಂಶಗಳೇನು. ಈ ಪತ್ರ ಗೆಲ್ಲಿಸಿಯೇ ಬಿಡುತ್ತದೆ ಎಂದಲ್ಲ. ಅದಿಲ್ಲದೆ ಹೋದರೆ ಮಾತ್ರ ನಿಮ್ಮ ಪರ ಹೇಳಲು ಕಾಗದವೇ ಇರುವುದಿಲ್ಲ.

10 ಜುಲೈ 2028ರಿಂದ ಶುಗರ್‌ಗೂ ಪೂರ್ತಿ ಕವರ್. ಮುಂದಕ್ಕೆ ಹಾಕಬಹುದಾದ ಆಪರೇಷನ್ ಆದರೆ, ಆಸ್ಪತ್ರೆ ಸೇರುವ ದಿನವೇ ಆ ದಿನಾಂಕದ ನಂತರ ಇರುವಂತೆ ನೋಡಿಕೊಳ್ಳಿ.

ಪಾಲಿಸಿ ಆದ ನಾಲ್ಕೇ ತಿಂಗಳಿಗೆ ಗಡ್ಡೆ ಪತ್ತೆಯಾಯ್ತು. "ಇದು ಮೊದಲೇ ಇತ್ತು" ಅಂತ ಕ್ಲೇಮ್ ರಿಜೆಕ್ಟ್ ಮಾಡಿದ್ರು. ನಮಗೆ ಗೊತ್ತೇ ಇರಲಿಲ್ಲ!

ದೇಹದಲ್ಲಿ ಮೊದಲೇ ಇದ್ದಿರಬಹುದು ಎಂಬ ಊಹೆ ಸಾಲದು. ಪಾಲಿಸಿಗೆ ಮುಂಚೆ ವೈದ್ಯರು ಪತ್ತೆ ಮಾಡಿದ್ದರೇ, ಸಲಹೆ ಅಥವಾ ಚಿಕಿತ್ಸೆ ಕೊಟ್ಟಿದ್ದರೇ ಎಂಬುದಷ್ಟೇ ಪ್ರಶ್ನೆ. ಅಂಥ ದಾಖಲೆ ಯಾವುದು, ಯಾವ ದಿನಾಂಕದ್ದು ಎಂದು ಬರೆದು ಕೇಳಿ. ತೋರಿಸಲಾಗದಿದ್ದರೆ ನಿಮ್ಮ ಪಕ್ಷ ಗಟ್ಟಿಯಿದೆ. ಆದರೆ ಆ ಕಾಯಿಲೆಯೇ 24 ತಿಂಗಳ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಗರ್ಭಕೋಶದ ಗಡ್ಡೆಯಂಥವು ಹಲವು ಪಾಲಿಸಿಗಳ ಆ ಪಟ್ಟಿಯಲ್ಲಿ ಇರುತ್ತವೆ.

ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ರಿಜೆಕ್ಟ್ ಆಯ್ತು. ಡ್ಯೂಟಿ ಡಾಕ್ಟರ್ "ಹತ್ತು ವರ್ಷದಿಂದ ಶುಗರ್" ಅಂತ ಬರೆದುಬಿಟ್ಟಿದ್ದಾರೆ, ಇರೋದು ಎರಡು ವರ್ಷದಿಂದ!

ಇಂಥದ್ದು ಬಹಳ ನಡೆಯುತ್ತದೆ. ತುರ್ತು ವಿಭಾಗದಲ್ಲಿ ಗಾಬರಿಯಲ್ಲಿ ಮಗನೋ ಸೊಸೆಯೋ "ತುಂಬಾ ವರ್ಷದಿಂದ ಇದೆ ಡಾಕ್ಟ್ರೇ" ಎನ್ನುತ್ತಾರೆ. ಅದು ಕೇಸ್ ಶೀಟ್‌ನಲ್ಲಿ ಹತ್ತು ವರ್ಷವಾಗುತ್ತದೆ, ಅಲ್ಲಿಂದ ಕ್ಯಾಶ್‌ಲೆಸ್ ಫಾರ್ಮ್‌ಗೆ, ಅಲ್ಲಿಂದ ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಟಿಪಿಎ ಮೇಜಿಗೆ ಹೋಗುತ್ತದೆ. ಫಾರ್ಮ್‌ನಲ್ಲಿ ಹಳೆಯ ಕಾಯಿಲೆಗಳ ಪಟ್ಟಿ ಮತ್ತು "ಎಂದಿನಿಂದ" ಎಂಬ ಕಾಲಂ ಇರುತ್ತದೆ. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್ ಕಳಿಸುವ ಮುನ್ನ ಆ ಪುಟವನ್ನು ನೀವು ಓದಬೇಕು.

ಈಗಾಗಲೇ ಹೋಗಿದ್ದರೆ, ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಮೊದಲ ಪತ್ತೆಯ ಚೀಟಿ, ಲ್ಯಾಬ್ ವರದಿ ತೋರಿಸಿ ಸರಿಪಡಿಸಿದ ಪ್ರಮಾಣಪತ್ರ ಪಡೆಯಿರಿ. ಕೇಸ್ ಶೀಟ್‌ನ ಹಳೆಯ ಸಾಲನ್ನು ಹೊಡೆದುಹಾಕಿಸಬೇಡಿ, ತಿದ್ದಿದ ಗುರುತು ಅನುಮಾನ ಹುಟ್ಟಿಸುತ್ತದೆ. ಹೊಸ ಟಿಪ್ಪಣಿ ದಿನಾಂಕ ಮತ್ತು ಸಹಿಯೊಂದಿಗೆ ಬೇರೆಯಾಗಿ ಇರಲಿ. ಅದನ್ನು ಅದೇ ಡೆಸ್ಕ್ ಮೂಲಕ ಮತ್ತೆ ಕಳಿಸಿ. ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ವೇಳೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ.

ಕ್ಯಾಶ್‌ಲೆಸ್ ಇಲ್ಲವೆಂದರೆ ಕ್ಲೇಮೇ ಇಲ್ಲವೆಂದಲ್ಲ. ಬಿಲ್ ಕಟ್ಟಿ, ಡಿಸ್ಚಾರ್ಜ್ ಸಮರಿ, ಮೂಲ ಬಿಲ್ಲುಗಳು, ವರದಿಗಳೊಂದಿಗೆ ಮರುಪಾವತಿಗೆ ಹಾಕಬಹುದು. ಡಿಸ್ಚಾರ್ಜ್ ಸಮರಿಯಲ್ಲೂ ಅದೇ ತಪ್ಪು ಇಲ್ಲವೆಂದು ನೋಡಿಯೇ ಆಸ್ಪತ್ರೆ ಬಿಡಿ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಕಂಪನಿ ಇನ್ಶೂರೆನ್ಸ್‌ನಲ್ಲಿ ಅಮ್ಮನ ಬಿಪಿಗೂ ಮೊದಲ ದಿನದಿಂದ ಕವರ್ ಇತ್ತು. ಕೆಲಸ ಬಿಟ್ಟು ಸ್ವಂತ ಪಾಲಿಸಿ ತಗೊಂಡ್ರೆ?

ಬೇರೆ ಕಂಪನಿಯಲ್ಲಿ ಸುಮ್ಮನೆ ಹೊಸ ಪಾಲಿಸಿ ಕೊಂಡರೆ ನೀವು ಹೊಸ ಪಾಲಿಸಿದಾರರೇ, ಎಣಿಕೆ ಸೊನ್ನೆಯಿಂದ ಶುರು. ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಐದು ವರ್ಷ ಇದ್ದರೂ ಅದು ತಾನಾಗಿ ಬರುವುದಿಲ್ಲ. ಆ ಗ್ರೂಪ್ ಪಾಲಿಸಿ ಕೊಟ್ಟಿದ್ದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ, ಅಂದರೆ ಮೈಗ್ರೇಷನ್, ಕೇಳಿದರೆ ಕಳೆದ ಅವಧಿಯ ಲೆಕ್ಕ ಸಿಗುತ್ತದೆ. ಇದನ್ನು ಕೇಳಬೇಕಾದದ್ದು ಕೆಲಸದ ಕೊನೆಯ ದಿನಕ್ಕೆ ಮೊದಲು. ನೋಟಿಸ್ ಅವಧಿಯಲ್ಲಿ ಇರುವಾಗಲೇ ಎಚ್‌ಆರ್‌ನಿಂದ ಪಾಲಿಸಿ ಸಂಖ್ಯೆ, ತಾಯಿಯ ಹೆಸರು ಸೇರಿದ ದಿನಾಂಕ, ವಿಮಾ ಮೊತ್ತ ಇರುವ ಪತ್ರ ಪಡೆಯಿರಿ. ಕೆಲಸ ಬಿಟ್ಟ ಮೇಲೆ ಆ ಪೋರ್ಟಲ್‌ಗೆ ಲಾಗಿನ್ ಸಿಗುವುದಿಲ್ಲ.

ಔಟರ್ ರಿಂಗ್ ರೋಡ್, ವೈಟ್‌ಫೀಲ್ಡ್ ಕಡೆಯ ಕಂಪನಿಗಳಲ್ಲಿ ಇರುವವರಿಗೆ ನಮ್ಮ ಸಲಹೆ ಇದು: ಗ್ರೂಪ್ ಪಾಲಿಸಿ ಇರುವಾಗಲೇ ತಂದೆ-ತಾಯಿಗೆ ಒಂದು ಸಣ್ಣ ಸ್ವಂತ ಪಾಲಿಸಿ ಶುರುಮಾಡಿ. ಕಾಯುವ 36 ತಿಂಗಳು ಗ್ರೂಪ್ ಕವರ್‌ನ ನೆರಳಲ್ಲೇ ಕಳೆದುಹೋಗುತ್ತದೆ.

ಪೋರ್ಟ್ ಮಾಡಿದೆ, ಜೊತೆಗೆ 5 ಲಕ್ಷ ಇದ್ದದ್ದನ್ನ 15 ಲಕ್ಷ ಮಾಡಿಸಿದೆ. ಈಗ ವೇಟಿಂಗ್ ಇದೆಯಾ ಇಲ್ವಾ?

ಎರಡೂ. ಹಳೆಯ 5 ಲಕ್ಷಕ್ಕೆ ನೀವು ಕಳೆದ ಅವಧಿ ಜೊತೆಗೇ ಬರುತ್ತದೆ, ಹೆಚ್ಚಿಸಿದ 10 ಲಕ್ಷಕ್ಕೆ ಮತ್ತೆ ಮೊದಲಿನಿಂದ. ಹಳೆಯ ಪಾಲಿಸಿಯಲ್ಲಿ 36 ತಿಂಗಳು ಮುಗಿಸಿ ಪೋರ್ಟ್ ಆದವರಿಗೆ ಮುಂದಿನ ವರ್ಷ ಶುಗರ್‌ನ ತೊಡಕಿಗೆ 8 ಲಕ್ಷ ಬಿಲ್ ಆದರೆ, ಮೂಲತಃ 5 ಲಕ್ಷದವರೆಗೆ ಮಾತ್ರ. ಗಳಿಸಿದ ಬೋನಸ್ ಇದ್ದು ಅದನ್ನೂ ಪೋರ್ಟ್ ಮಾಡಿಸಿದ್ದರೆ ಅದೂ ಸೇರುತ್ತದೆ. ಮೇಲ್‌ನಲ್ಲಿ ನಾಲ್ಕನೆಯ ಪ್ರಶ್ನೆ ಸೇರಿಸಿದ್ದು ಇದಕ್ಕಾಗಿಯೇ. ಅದೇ ಕಂಪನಿಯಲ್ಲಿ ಉಳಿದು ಮೊತ್ತ ಹೆಚ್ಚಿಸಿದರೂ ಇದೇ ಲೆಕ್ಕ.

"ಮೊದಲ ದಿನದಿಂದಲೇ ಕವರ್" ಅಂತ ಜಾಹೀರಾತು ಬರುತ್ತಲ್ಲ, ಅದು?

ಹೆಚ್ಚು ಪ್ರೀಮಿಯಂ ಕೊಟ್ಟು ಕಾಯುವ ಅವಧಿ ಕಡಿಮೆ ಮಾಡಿಸಿಕೊಳ್ಳುವ ರೈಡರ್‌ಗಳು ಇವೆ. ಸಾಮಾನ್ಯವಾಗಿ ಶುಗರ್, ಬಿಪಿ, ಕೊಲೆಸ್ಟ್ರಾಲ್, ಆಸ್ತಮಾದಂಥ ಹೆಸರಿಸಿದ ಕಾಯಿಲೆಗಳಿಗೆ ಮಾತ್ರ. ನಿಮ್ಮ ಥೈರಾಯ್ಡೋ ಕಿಡ್ನಿಯೋ ಪಟ್ಟಿಯಲ್ಲಿ ಇರದಿರಬಹುದು. ಪಾಲಿಸಿ ಕೊಳ್ಳುವಾಗಲೇ ಆರಿಸಬೇಕಾದ ರೈಡರ್‌ಗಳೇ ಹೆಚ್ಚು. 24 ತಿಂಗಳ ಪಟ್ಟಿ ಇದರಿಂದ ಕರಗುತ್ತದೆಯೇ ಎಂದು ಬೇರೆಯಾಗಿ ಕೇಳಿ.

ರಿನ್ಯೂವಲ್ ಎರಡು ವಾರ ತಡವಾಯ್ತು. ಮೂರು ವರ್ಷದ ಲೆಕ್ಕ ಹೋಯ್ತಾ?

ವರ್ಷಕ್ಕೊಮ್ಮೆ ಕಟ್ಟುವ ಪ್ರೀಮಿಯಂಗೆ 30 ದಿನ, ತಿಂಗಳ ಕಂತಿಗೆ 15 ದಿನ ಹೆಚ್ಚುವರಿ ಗಡುವು ಇರುತ್ತದೆ. ಅದರೊಳಗೆ ಕಟ್ಟಿದರೆ ಲೆಕ್ಕ ಉಳಿಯುತ್ತದೆ. ಆದರೆ ವಾರ್ಷಿಕ ಪಾಲಿಸಿಯಲ್ಲಿ ಹಣ ಕಟ್ಟದೆ ಇದ್ದ ಆ ಎರಡು ವಾರದಲ್ಲಿ ಬಂದ ಕಾಯಿಲೆಗೆ ಕವರ್ ಇರುವುದಿಲ್ಲ. 31ನೇ ದಿನ ಕಟ್ಟಹೋದರೆ ಹೊಸ ಪಾಲಿಸಿ, ಮತ್ತೆ 36 ತಿಂಗಳು.

ಐದು ವರ್ಷ ಆದಮೇಲೆ ಕಂಪನಿ ಏನೂ ಕೇಳೋ ಹಾಗಿಲ್ಲ ಅಂತಾರಲ್ಲ, ಆಮೇಲೆ ಚಿಂತೆ ಇಲ್ವಾ?

ಅದು 60 ತಿಂಗಳ ಮೊರಟೋರಿಯಂ. ಸತತ 60 ತಿಂಗಳು ಪಾಲಿಸಿ ನಡೆದಿದ್ದರೆ, ಹೇಳಲಿಲ್ಲ ಅಥವಾ ತಪ್ಪು ಹೇಳಿದಿರಿ ಎಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ, ವಂಚನೆ ಸಾಬೀತಾದರೆ ಬೇರೆ. ಹಿಂದೆ ಇದು ಎಂಟು ವರ್ಷ ಇತ್ತು. ಮೊತ್ತ ಹೆಚ್ಚಿಸಿದ್ದರೆ ಹೆಚ್ಚಿದ ಭಾಗಕ್ಕೆ 60 ತಿಂಗಳು ಬೇರೆಯಾಗಿ ಎಣಿಕೆಯಾಗುತ್ತದೆ. ಇದನ್ನು ನೆಚ್ಚಿಕೊಂಡು ಕಾಯಿಲೆ ಬಚ್ಚಿಡಿ ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ. ಬೇಕೆಂದೇ ಬಚ್ಚಿಟ್ಟದ್ದನ್ನು ವಂಚನೆ ಎಂದು ಕಂಪನಿ ವಾದಿಸಬಹುದು. ಹೇಳಿ ಮಾಡಿಸಿದವರಿಗೆ 36 ತಿಂಗಳಿಗೇ ಸಿಗುವುದಕ್ಕಾಗಿ ಬಚ್ಚಿಟ್ಟವರು 60 ತಿಂಗಳು ಭಯದಲ್ಲಿ ಇರುತ್ತಾರೆ.

ಕಂಪನಿ ಉತ್ತರ ನಮಗೆ ಒಪ್ಪಿಗೆಯಿಲ್ಲ. ಕೋರ್ಟಿಗೇ ಹೋಗಬೇಕಾ?

ಅದಕ್ಕೂ ಮೊದಲು ಖರ್ಚಿಲ್ಲದ ದಾರಿ ಇದೆ. ಮೊದಲು ನಿರಾಕರಣೆಯ ಪತ್ರದಲ್ಲಿ ಪಾಲಿಸಿಯ ಯಾವ ಷರತ್ತು ಎಂದು ಬರೆದಿದೆಯೇ ನೋಡಿ. ನಿರ್ದಿಷ್ಟ ಷರತ್ತನ್ನು ಉಲ್ಲೇಖಿಸದೆ ಕ್ಲೇಮ್ ನಿರಾಕರಿಸುವಂತಿಲ್ಲ. ನಿರಾಕರಣೆಗೆ ಕಂಪನಿಯೊಳಗಿನ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು. ಆ ಒಪ್ಪಿಗೆ ಆಗಿದೆಯೇ ಎಂದು ಕೇಳಿ.

ನಂತರ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ, ಜೊತೆಗೆ bimabharosa.irdai.gov.in ನಲ್ಲಿ ದೂರು ದಾಖಲಿಸಿ. ಫೋನ್ ಮೂಲಕವಾದರೆ 155255. ಕಂಪನಿ ನಿರಾಕರಿಸಿದರೆ ಅಥವಾ 30 ದಿನದಲ್ಲಿ ಉತ್ತರ ಬಾರದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆಲ್ಲ ಇರುವ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಮೊದಲನೇ ಹಂತದ ಜೀವನ್ ಸೌಧ ಕಟ್ಟಡದಲ್ಲಿದೆ. cioins.co.in ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ತೆಗೆದುಕೊಳ್ಳುತ್ತಾರೆ. ಕಂಪನಿಯ ಕೊನೆಯ ಉತ್ತರ ಬಂದು ಒಂದು ವರ್ಷದೊಳಗೆ ಹೋಗಬೇಕು. ಅದೇ ವಿಷಯ ಗ್ರಾಹಕರ ಆಯೋಗದಲ್ಲೋ ಕೋರ್ಟಿನಲ್ಲೋ ನಡೆಯುತ್ತಿದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಇಲ್ಲಿಗೆ ಮೊದಲು ಬನ್ನಿ.

ದೂರಿನ ಜೊತೆ ಇಡಬೇಕಾದ ಕಾಗದಗಳು: ಪ್ರಪೋಸಲ್ ಫಾರ್ಮ್ ಪ್ರತಿ, ಪಾಲಿಸಿ ಶೆಡ್ಯೂಲ್, ಕಾಯಿಲೆ ಮೊದಲು ಪತ್ತೆಯಾದ ಚೀಟಿ, ಡಿಸ್ಚಾರ್ಜ್ ಸಮರಿ, ನಿರಾಕರಣೆಯ ಪತ್ರ, ಮತ್ತು ಕಾಯುವ ಅವಧಿಯ ಬಗ್ಗೆ ಕಸ್ಟಮರ್ ಕೇರ್ ಮೇಲ್‌ನಲ್ಲಿ ಕೊಟ್ಟ ಉತ್ತರ.